ಸೋಷಿಯಲ್ ಮೀಡಿಯಾ ಹೊಸದಾಗಿ ಶುರು ಮಾಡುವ ದಿನ ತಂಡದ ಮುಂದೆ ಏನು ಮಾತಾಡಬೇಕು?

ನಾಲ್ಕೈದು ಜನರ ಕಂಪನಿಯಲ್ಲಿ ಸೋಷಿಯಲ್ ಮೀಡಿಯಾ ಎಲ್ಲರ ಕೆಲಸವೂ ಹೌದು, ಯಾರ ಕೆಲಸವೂ ಅಲ್ಲ. ಡಿಸೈನರ್ ಬಿಡುವಾದಾಗ ಒಂದು ಪೋಸ್ಟರ್ ಮಾಡುತ್ತಾರೆ, ಗ್ರಾಹಕರ ಫೋನ್ ನೋಡಿಕೊಳ್ಳುವವರು ನೆನಪಾದಾಗ ಕಾಮೆಂಟಿಗೆ ಉತ್ತರ ಕೊಡುತ್ತಾರೆ, ಸಂಸ್ಥಾಪಕರು ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ ಯಾವುದೋ ಬೇರೆ ಕಂಪನಿಯ ರೀಲ್ ಹಾಕಿ ‘ನಾವೂ ಹೀಗೆ ಮಾಡೋಣ’ ಅನ್ನುತ್ತಾರೆ. ಒಂದು ದಿನ ಎಲ್ಲ ಹೊಸದಾಗಿ ಮಾಡೋಣ ಎಂದು ತೀರ್ಮಾನವಾಗುತ್ತದೆ, ಮೀಟಿಂಗ್ ಕರೆಯುತ್ತಾರೆ. ಆ ಮೀಟಿಂಗಿನ ಮೊದಲ ಹತ್ತು ಹನ್ನೆರಡು ನಿಮಿಷ ಸಂಸ್ಥಾಪಕರು ಆಡುವ ಮಾತಿನ ಬಗ್ಗೆ ಈ ಲೇಖನ.

ಈ ಮಾತು ಹುರುಪು ತುಂಬುವುದಕ್ಕಿಂತ ಮುಖ್ಯವಾಗಿ ತೀರ್ಮಾನಗಳನ್ನು ಹೇಳಬೇಕು. ಮೀಟಿಂಗಿನಿಂದ ಎದ್ದು ಹೋಗುವಾಗ ಪ್ರತಿಯೊಬ್ಬರಿಗೂ ಎರಡು ವಿಷಯ ಸ್ಪಷ್ಟವಾಗಿರಬೇಕು: ನಾನು ಯಾವುದನ್ನು ಯಾರನ್ನೂ ಕೇಳದೆ ತೀರ್ಮಾನ ಮಾಡಬಹುದು, ಯಾವ ಕೆಲಸ ಬಂದರೆ ‘ಇದು ಈಗ ಬೇಡ’ ಅನ್ನಬಹುದು. ಇವೆರಡು ತಿಳಿಯದಿದ್ದರೆ ಮಾತು ಎಷ್ಟೇ ಚೆನ್ನಾಗಿದ್ದರೂ ಮುಂದಿನ ವಾರ ಎಲ್ಲ ಮೊದಲಿನಂತೆಯೇ ನಡೆಯುತ್ತದೆ.

ಹಂತ ಹಂತವಾಗಿ ಹೇಳಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸೈಕಲ್ ರಿಪೇರಿ ಟೂಲ್‌ಕಿಟ್ ಮಾಡಿ ತಮ್ಮದೇ ವೆಬ್‌ಸೈಟಿನಲ್ಲಿ ಮಾರುವ ಒಂದು ಕಂಪನಿ. ಸಂಸ್ಥಾಪಕರನ್ನು ಸೇರಿಸಿ ಐದು ಜನ: ಒಬ್ಬರು ಡಿಸೈನರ್, ಒಬ್ಬರು ವಿಡಿಯೊ ತೆಗೆಯುವವರು, ಒಬ್ಬರು ಬರವಣಿಗೆಯವರು, ಒಬ್ಬರು ಆರ್ಡರ್ ಮತ್ತು ಗ್ರಾಹಕರನ್ನು ನೋಡಿಕೊಳ್ಳುವವರು. ಇನ್‌ಸ್ಟಾಗ್ರಾಂ ಇವರ ಮುಖ್ಯ ಜಾಗ. ಕೆಳಗಿನ ಅಂಕಿಗಳೆಲ್ಲ ಈ ಉದಾಹರಣೆಗಾಗಿ ಹಾಕಿಕೊಂಡವು. ನಿಮ್ಮ ಅಂಕಿಗಳನ್ನು ಆ ಜಾಗದಲ್ಲಿಟ್ಟು ಓದಿಕೊಳ್ಳಿ.

1. ಮಾತಿಗೆ ಮೊದಲು: 90 ದಿನದ ಲೆಕ್ಕ

ಅಕೌಂಟ್ ಬಿಸಿನೆಸ್ ಅಥವಾ ಕ್ರಿಯೇಟರ್ ಬಗೆಯದಾಗಿದ್ದರೆ ಇನ್‌ಸೈಟ್ಸ್ ಸಿಗುತ್ತದೆ. ಕಳೆದ 90 ದಿನದ ಪೋಸ್ಟುಗಳನ್ನೆಲ್ಲ ಒಂದು ಶೀಟಿಗೆ ಇಳಿಸಿ. ಒಂದು ಸಾಲಿಗೆ ಒಂದು ಪೋಸ್ಟ್: ದಿನಾಂಕ, ಯಾವ ಬಗೆ, ಎಷ್ಟು ವೀಕ್ಷಣೆ, ಎಷ್ಟು ಜನ ಸೇವ್ ಮಾಡಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು. ಲೈಕ್ ಬರೆದುಕೊಂಡರೆ ತಪ್ಪಿಲ್ಲ, ಆದರೆ ಅದರ ಮೇಲೆ ತೀರ್ಮಾನ ಕಟ್ಟಬೇಡಿ. ರಿಪೇರಿ ಕಲಿಸುವ ವಿಡಿಯೊವನ್ನು ಒಬ್ಬರು ಸೇವ್ ಮಾಡಿದರೆ ‘ಇದು ನನಗೆ ಮತ್ತೆ ಬೇಕಾಗುತ್ತದೆ’ ಅಂದಂತೆ. ಟೂಲ್ ಕೊಳ್ಳುವುದಕ್ಕೆ ಲೈಕಿಗಿಂತ ಅದು ಎಷ್ಟೋ ಹತ್ತಿರ.

ನಮ್ಮ ಉದಾಹರಣೆಯಲ್ಲಿ ಮೂರು ತಿಂಗಳಲ್ಲಿ 36 ಪೋಸ್ಟ್. ಅದರಲ್ಲಿ 20 ಟೂಲ್‌ಕಿಟ್ಟಿನ ಫೋಟೊ ಮತ್ತು ಆಫರ್, 10 ಬಗೆಬಗೆಯ ದಿನಾಚರಣೆಗಳ ಶುಭಾಶಯ, ಉಳಿದ 6 ಮಾತ್ರ ರಿಪೇರಿ ಕಲಿಸುವ ವಿಡಿಯೊ. ಒಂದು ವಿಡಿಯೊ, ಚೈನ್ ಜಾರುವುದನ್ನು ಸರಿಪಡಿಸುವುದು ಹೇಗೆ ಎಂಬುದು, 40,000 ವೀಕ್ಷಣೆ ತಂದಿದೆ. ಮಿಕ್ಕ ಪೋಸ್ಟುಗಳೆಲ್ಲ ಹೆಚ್ಚುಕಡಿಮೆ 900ರ ಆಸುಪಾಸಿನಲ್ಲಿವೆ. ಇಲ್ಲಿ ಸರಾಸರಿ ತೆಗೆದರೆ ಸುಮಾರು 2,000 ಬರುತ್ತದೆ. ಅಷ್ಟು ವೀಕ್ಷಣೆ ಪಡೆದ ಪೋಸ್ಟ್ ವಾಸ್ತವವಾಗಿ ಒಂದೂ ಇಲ್ಲ. ಪೋಸ್ಟುಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ನಡುವಿನ ಅಂಕಿಯನ್ನು ಹಿಡಿಯಿರಿ. 900 ಎಂಬುದೇ ಈ ಪೇಜಿನ ಇಂದಿನ ನಿಜವಾದ ಸ್ಥಿತಿ. ಸರಾಸರಿಯನ್ನು ತಂಡದ ಮುಂದೆ ಹೇಳಿ ‘ಇದನ್ನು ಎರಡರಷ್ಟು ಮಾಡೋಣ’ ಅಂದರೆ, ನಿಮಗೆ ಗೊತ್ತಿಲ್ಲದೆ ನಾಲ್ಕರಷ್ಟು ಕೇಳಿದಂತಾಗುತ್ತದೆ.

ಆಮೇಲೆ ವೆಬ್‌ಸೈಟಿನ ಕಡೆಯ ಲೆಕ್ಕ. ಇನ್‌ಸ್ಟಾಗ್ರಾಂನಿಂದ ತಿಂಗಳಿಗೆ 1,000 ಕ್ಲಿಕ್, ಅದರಲ್ಲಿ ನೂರಕ್ಕೆ ಇಬ್ಬರು ಕೊಳ್ಳುತ್ತಾರೆ, ಅಂದರೆ ತಿಂಗಳಿಗೆ 20 ಆರ್ಡರ್. ಕ್ಲಿಕ್ಕಿನ ದಿನವಾರು ಪಟ್ಟಿಯನ್ನು ಪೋಸ್ಟಿನ ಪಟ್ಟಿಯ ಪಕ್ಕ ಇಟ್ಟು ನೋಡಿದರೆ, ರಿಪೇರಿ ವಿಡಿಯೊ ಹಾಕಿದ ಮರುದಿನ, ಅದರ ಮರುದಿನ ಕ್ಲಿಕ್ ಏರಿರುವುದು ಕಾಣುತ್ತದೆ. ಶುಭಾಶಯ ಹಾಕಿದ ದಿನ ಏನೂ ಅಲ್ಲಾಡಿಲ್ಲ. ನೀವು ಹೇಳಬೇಕಾದ ಮಾತಿನ ತಿರುಳು ಈ ಎರಡು ಪಟ್ಟಿಗಳಲ್ಲೇ ಸಿಕ್ಕಿತು.

2. ಒಬ್ಬೊಬ್ಬರ ಜೊತೆ ಮೊದಲೇ ಮಾತಾಡಿ

ಪಾತ್ರ ಬದಲಾಗುವವರಿಗೆ ಅದು ಮೀಟಿಂಗಿನಲ್ಲಿ, ಎಲ್ಲರ ಎದುರಿಗೆ, ಮೊದಲ ಸಲ ಗೊತ್ತಾಗಬಾರದು. ಇಷ್ಟು ದಿನ ಪೇಜ್ ನೋಡಿಕೊಂಡವರು ಆ ಕೋಣೆಯಲ್ಲೇ ಕೂತಿರುತ್ತಾರೆ. ನೀವು ‘ಹೊಸದಾಗಿ ಮಾಡೋಣ’ ಅಂದದ್ದು ಅವರ ಕಿವಿಗೆ ‘ನೀವು ಮಾಡಿದ್ದು ಸರಿಯಿಲ್ಲ’ ಎಂದು ಬೀಳುತ್ತದೆ. ಹಿಂದಿನ ದಿನವೇ ಅವರನ್ನು ಕರೆದು ಶೀಟ್ ತೋರಿಸಿ, ಅವರಿಗೆ ಏನು ಕಾಣುತ್ತದೆ ಕೇಳಿ. ಎಷ್ಟೋ ಸಲ ಅವರಿಗೆ ಈ ಮಾತು ಮೊದಲೇ ಗೊತ್ತಿರುತ್ತದೆ. ‘ಶುಭಾಶಯದ ಪೋಸ್ಟ್ ಹಾಕಿ ಅಂತ ನೀವೇ ಹೇಳ್ತಿದ್ರಲ್ಲ’ ಎಂಬ ಉತ್ತರವೂ ಬರಬಹುದು. ಅದು ನಿಜವಾಗಿದ್ದರೆ ಮೀಟಿಂಗಿನಲ್ಲಿ ನೀವೇ ಅದನ್ನು ಹೇಳಿಬಿಡಿ.

3. ಮಾತಿನ ಮೊದಲ ಎರಡು ನಿಮಿಷ: ಈಗ ಎಲ್ಲಿದ್ದೇವೆ

ಪೀಠಿಕೆ ಬೇಡ. ಪರದೆಯ ಮೇಲೆ ಒಂದೇ ಚಿತ್ರ ಸಾಕು. ಹೀಗೆ ಶುರು ಮಾಡಬಹುದು:

‘ಮೂರು ತಿಂಗಳಲ್ಲಿ ನಾವು 36 ಪೋಸ್ಟ್ ಹಾಕಿದ್ದೀವಿ. ಅದರಲ್ಲಿ ಮೂವತ್ತನ್ನ ಜನ ನೋಡಿ ಮುಂದೆ ಹೋಗಿದ್ದಾರೆ. ಆರನ್ನ ಸೇವ್ ಮಾಡಿಟ್ಟುಕೊಂಡಿದ್ದಾರೆ, ಗೆಳೆಯರಿಗೆ ಕಳಿಸಿದ್ದಾರೆ, ಆಮೇಲೆ ನಮ್ಮ ಸೈಟಿಗೆ ಬಂದಿದ್ದಾರೆ. ಆ ಆರೂ ರಿಪೇರಿ ವಿಡಿಯೊಗಳು. ಆ ಮೂವತ್ತರಲ್ಲಿ ಹೆಚ್ಚಿನವು ನಾನು ಕೇಳಿ ಮಾಡಿಸಿದ್ದು. ಆ ಆರು ನೀವು ನಿಮ್ಮ ಬಿಡುವಿನಲ್ಲಿ ಮಾಡಿದ್ದು.’

ಇಷ್ಟು ಸಾಕು. ಯಾರ ಮೇಲೂ ತಪ್ಪು ಹೊರಿಸದೆ, ಏನು ಕೆಲಸ ಮಾಡಿದೆ ಎಂಬುದು ಎಲ್ಲರಿಗೂ ಕಾಣುವಂತಾಯಿತು. ‘ನಮ್ಮ ಪೇಜ್ ಇನ್ನೂ ಫ್ರೆಶ್ ಆಗಿರಬೇಕು’, ‘ಬೇರೆ ಲೆವೆಲ್‌ಗೆ ಹೋಗಬೇಕು’ ಎಂಬಂಥ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಅದನ್ನು ಕೇಳಿ ಡಿಸೈನರ್ ಬಣ್ಣ ಬದಲಾಯಿಸಲು ಹೋಗುತ್ತಾರೆ, ವಿಡಿಯೊದವರು ಹೊಸ ಲೆನ್ಸ್ ಬೇಕು ಅಂದುಕೊಳ್ಳುತ್ತಾರೆ, ಬರವಣಿಗೆಯವರು ಇನ್ನಷ್ಟು ತಮಾಷೆಯಾಗಿ ಬರೆಯಬೇಕೇನೋ ಎಂದು ಯೋಚಿಸುತ್ತಾರೆ. ಒಂದೇ ಮಾತಿಗೆ ಮೂವರು ಮೂರು ದಾರಿ ಹಿಡಿದಾಗಿರುತ್ತದೆ.

4. ಗುರಿ: ಒಂದು ಫಲಿತಾಂಶ, ಒಂದು ಕೆಲಸ

ಫಾಲೋವರ್ ಸಂಖ್ಯೆಯನ್ನು ಗುರಿಯಾಗಿ ಇಡಬೇಡಿ. ಅದನ್ನು ಏರಿಸಲು ಸುಲಭದ ದಾರಿಗಳಿವೆ, ಬಹುಮಾನದ ಸ್ಪರ್ಧೆ ಅವುಗಳಲ್ಲೊಂದು. ಬಹುಮಾನಕ್ಕೆ ಬಂದವರು ಟೂಲ್‌ಕಿಟ್ ಕೊಳ್ಳುವವರಲ್ಲ. ಆಮೇಲೆ ನೀವು ಹಾಕುವ ವಿಡಿಯೊಗಳನ್ನು ಅವರು ನೋಡದೆ ದಾಟಿಸುತ್ತಾರೆ, ಅದರಿಂದ ನಿಜವಾಗಿ ಬೇಕಾದವರಿಗೂ ಅವು ತಲುಪುವುದು ಕಷ್ಟವಾಗುತ್ತದೆ.

ಗುರಿಯನ್ನು ಎರಡು ಸಾಲಿನಲ್ಲಿ ಹೇಳಿ. ಮೊದಲನೆಯದು ಫಲಿತಾಂಶ: ಮೂರನೇ ತಿಂಗಳ ಕೊನೆಗೆ ಇನ್‌ಸ್ಟಾಗ್ರಾಂನಿಂದ ತಿಂಗಳಿಗೆ 40 ಆರ್ಡರ್. ಎರಡನೆಯದು ತಂಡದ ಕೈಯಲ್ಲಿರುವ ಕೆಲಸ: ವಾರಕ್ಕೆ ಎರಡು ರಿಪೇರಿ ವಿಡಿಯೊ, ತಪ್ಪದೆ. ಇವೆರಡನ್ನು ಬೇರೆ ಬೇರೆಯಾಗಿ ಇಡುವುದಕ್ಕೆ ಕಾರಣವಿದೆ. ಆರ್ಡರ್ ಬರುವುದು ಬಿಡುವುದು ಬೆಲೆ, ಸ್ಟಾಕ್, ವೆಬ್‌ಸೈಟಿನ ವೇಗ ಎಲ್ಲದರ ಮೇಲೂ ನಿಂತಿದೆ. ವಿಡಿಯೊದವರನ್ನು ಆರ್ಡರಿಗೆ ಹೊಣೆ ಮಾಡಿದರೆ ಅನ್ಯಾಯ. ಆದರೆ ವಿಡಿಯೊ ಹೊರಗೆ ಬರಲಿಲ್ಲ ಎಂದರೆ ಕೇಳುವ ಹಕ್ಕು ನಿಮಗಿದೆ.

40 ಎಲ್ಲಿಂದ ಬಂತು ಎಂದು ಯಾರಾದರೂ ಕೇಳುತ್ತಾರೆ, ಕೇಳಬೇಕು. ಲೆಕ್ಕ ಬಿಡಿಸಿ ತೋರಿಸಿ: ನೂರು ಕ್ಲಿಕ್ಕಿಗೆ ಎರಡು ಆರ್ಡರ್ ಎಂಬುದು ಹಾಗೇ ಉಳಿದರೆ 40 ಆರ್ಡರಿಗೆ 2,000 ಕ್ಲಿಕ್ ಬೇಕು, ಇವತ್ತಿನ ಎರಡರಷ್ಟು. ರಿಪೇರಿ ವಿಡಿಯೊಗಳು ಈಗ ತಿಂಗಳಿಗೆ ಎರಡು ಬರುತ್ತಿವೆ, ಮುಂದೆ ಎಂಟು ಬರುತ್ತವೆ. ಎಲ್ಲ ಎಂಟೂ ಚೈನ್ ವಿಡಿಯೊದಷ್ಟು ಓಡುವುದಿಲ್ಲ. ಹಾಗೆ ಓಡುತ್ತವೆ ಎಂದು ನಂಬಿ ಹಾಕಿದ ಗುರಿಯೂ ಇದಲ್ಲ.

ಅಳೆಯುವ ದಾರಿಯನ್ನೂ ಅವತ್ತೇ ಗಟ್ಟಿ ಮಾಡಿ. ಪೋಸ್ಟಿನ ಕ್ಯಾಪ್ಷನ್ನಿನಲ್ಲಿ ಹಾಕಿದ ಲಿಂಕ್ ಇನ್‌ಸ್ಟಾಗ್ರಾಂನಲ್ಲಿ ಒತ್ತಿದರೆ ತೆರೆಯುವುದಿಲ್ಲ. ಬಯೋದಲ್ಲಿ ಮತ್ತು ಸ್ಟೋರಿಯಲ್ಲಿ ಹಾಕಿದ್ದು ತೆರೆಯುತ್ತದೆ. ಎರಡಕ್ಕೂ ಬೇರೆ ಬೇರೆ ಗುರುತು ಹಾಕಿದರೆ ಅನಲಿಟಿಕ್ಸ್‌ನಲ್ಲಿ ಯಾವುದು ಎಷ್ಟು ತಂದಿತು ಎಂದು ಬೇರೆಯಾಗಿ ಕಾಣುತ್ತದೆ:

```
https://example.com/kit?utm_source=instagram&utm_medium=bio&utm_campaign=repair
https://example.com/kit?utm_source=instagram&utm_medium=story&utm_campaign=repair
```

ಎಲ್ಲವನ್ನೂ ಸಣ್ಣಕ್ಷರದಲ್ಲೇ ಬರೆಯಿರಿ. ಒಬ್ಬರು instagram, ಇನ್ನೊಬ್ಬರು Instagram ಎಂದು ಬರೆದರೆ ವರದಿಯಲ್ಲಿ ಎರಡು ಬೇರೆ ಸಾಲಾಗಿ ಒಡೆದುಹೋಗುತ್ತದೆ. ಇಷ್ಟಾದರೂ ಈ ಲೆಕ್ಕ ಪೂರ್ತಿ ಅಲ್ಲ. ವಿಡಿಯೊ ನೋಡಿ, ಎರಡು ದಿನ ಬಿಟ್ಟು, ಗೂಗಲ್‌ನಲ್ಲಿ ಕಂಪನಿಯ ಹೆಸರು ಹುಡುಕಿ ಬಂದವರು ಇದರಲ್ಲಿ ಸಿಗುವುದಿಲ್ಲ. ಆರ್ಡರ್ ಮಾಡುವಾಗ ‘ನಮ್ಮ ಬಗ್ಗೆ ಎಲ್ಲಿ ತಿಳಿಯಿತು?’ ಎಂಬ ಒಂದು ಪ್ರಶ್ನೆ ಸೇರಿಸಿದರೆ ಅವರಲ್ಲಿ ಕೆಲವರಾದರೂ ಲೆಕ್ಕಕ್ಕೆ ಬರುತ್ತಾರೆ.

5. ಸಮಯ ಎಲ್ಲಿಂದ ಬರುತ್ತದೆ ಎಂದು ಹೇಳಿ

ಇಂಥ ಮೀಟಿಂಗುಗಳಲ್ಲಿ ಬಹಳಷ್ಟು ಸಲ ಈ ಭಾಗವೇ ಇರುವುದಿಲ್ಲ. ಗುರಿ ಹೇಳಿದ ಕೂಡಲೇ ತಂಡ ಒಳಗೊಳಗೇ ಗಂಟೆಗಳನ್ನು ಎಣಿಸಲು ಶುರು ಮಾಡುತ್ತದೆ. ಅವರಿಗಿಂತ ಮೊದಲು ನೀವು ಎಣಿಸಿರಬೇಕು.

ಒಂದು ನಿಮಿಷದೊಳಗಿನ ರಿಪೇರಿ ವಿಡಿಯೊಗೆ ಸ್ಕ್ರಿಪ್ಟ್ ಒಂದು ಗಂಟೆ, ಶೂಟಿಂಗ್ ಎರಡು, ಎಡಿಟಿಂಗ್ ಮೂರು, ಕವರ್ ಮತ್ತು ಕ್ಯಾಪ್ಷನ್ ಒಂದು ಎಂದಿಟ್ಟುಕೊಂಡರೆ ಏಳು ಗಂಟೆ. ವಾರಕ್ಕೆ ಎರಡು ಅಂದರೆ 14 ಗಂಟೆ. ಈಗ ಮಾಡುತ್ತಿರುವ ಆರು ವಿಡಿಯೊ ಹದಿಮೂರು ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು ಮೂರು ಗಂಟೆ. ಹಾಗಾಗಿ ಹೆಚ್ಚುವರಿ 11 ಗಂಟೆ ಬೇಕು. ಫೋಟೊ ಮತ್ತು ಶುಭಾಶಯದ ಮೂವತ್ತು ಪೋಸ್ಟ್ ನಿಲ್ಲಿಸಿದರೆ, ಒಂದಕ್ಕೆ ಎರಡೂವರೆ ಗಂಟೆಯಂತೆ, ವಾರಕ್ಕೆ ಸುಮಾರು ಆರು ಗಂಟೆ ಬಿಡುವಾಗುತ್ತದೆ. ಇನ್ನೂ ಐದು ಗಂಟೆ ಕಮ್ಮಿ.

ಈ ಐದು ಗಂಟೆಯ ಬಗ್ಗೆ ಸುಮ್ಮನಿದ್ದರೆ ಅದು ಯಾರದೋ ಶನಿವಾರ ಸಂಜೆಯಿಂದ ಬರುತ್ತದೆ, ಮೂರು ವಾರ ಬರುತ್ತದೆ, ನಾಲ್ಕನೇ ವಾರ ನಿಲ್ಲುತ್ತದೆ. ಬಾಯಿಬಿಟ್ಟು ಹೇಳಿ:

‘ಲೆಕ್ಕ ಹಾಕಿದಾಗ ವಾರಕ್ಕೆ ಐದು ಗಂಟೆ ಕಮ್ಮಿ ಬರ್ತಿದೆ. ಮಾರಾಟಗಾರರಿಗೆ ಕಳಿಸೋ ಕ್ಯಾಟಲಾಗ್ ಕೆಲಸ ಈ ಮೂರು ತಿಂಗಳು ಡಿಸೈನರ್ ಮಾಡೋದು ಬೇಡ. ಹಳೇ ಕ್ಯಾಟಲಾಗ್ ಹಾಗೇ ಹೋಗಲಿ. ಯಾರಾದ್ರೂ ಕೇಳಿದ್ರೆ ನಾನು ಮಾತಾಡ್ತೀನಿ. ಶುಭಾಶಯದ ಪೋಸ್ಟೂ ಇವತ್ತಿಂದ ಇಲ್ಲ. ನಾನೇ ಬಂದು ಕೇಳಿದರೂ ಇಲ್ಲ ಅನ್ನಿ.’

ಕೊನೆಯ ಆ ಮಾತು ಬಹಳ ಮುಖ್ಯ. ನಿಲ್ಲಿಸಿದ ಕೆಲಸವನ್ನು ವಾಪಸ್ ತರುವವರು ಸಾಮಾನ್ಯವಾಗಿ ಅದನ್ನು ನಿಲ್ಲಿಸಿದವರೇ.

6. ಪಾತ್ರ ಹಂಚುವುದು: ಕೆಲಸಕ್ಕಿಂತ ತೀರ್ಮಾನವನ್ನು ಹಂಚಿ

ಯಾರು ಶೂಟ್ ಮಾಡುತ್ತಾರೆ, ಯಾರು ಬರೆಯುತ್ತಾರೆ ಎಂಬುದು ಸಣ್ಣ ತಂಡದಲ್ಲಿ ಮೊದಲೇ ಗೊತ್ತಿರುತ್ತದೆ. ಕೆಲಸ ನಿಂತುಹೋಗುವುದು ಬೇರೆ ಕಡೆ. ವಿಡಿಯೊ ಮುಗಿದಿದೆ, ಗ್ರೂಪಿಗೆ ಹಾಕಿದ್ದಾರೆ, ಒಬ್ಬರು ‘ಚೆನ್ನಾಗಿದೆ’ ಅಂದರು, ಇನ್ನೊಬ್ಬರು ‘ಮ್ಯೂಸಿಕ್ ಸ್ವಲ್ಪ...’ ಅಂದರು, ಸಂಸ್ಥಾಪಕರು ‘ನೋಡಿ ಹೇಳ್ತೀನಿ’ ಅಂದು ಮರೆತರು. ಶುಕ್ರವಾರದ ವಿಡಿಯೊ ಮಂಗಳವಾರವೂ ಹೊರಬೀಳಲಿಲ್ಲ.

ಹಾಗಾಗಿ ನಾಲ್ಕು ತೀರ್ಮಾನಗಳಿಗೆ ನಾಲ್ಕು ಹೆಸರು ಹೇಳಿ. ಈ ವಾರ ಯಾವ ವಿಷಯ ಎಂಬುದು ಗ್ರಾಹಕರನ್ನು ನೋಡಿಕೊಳ್ಳುವವರದು. ಯಾವ ರಿಪೇರಿಯ ಬಗ್ಗೆ ಜನ ದಿನಾ ಕೇಳುತ್ತಾರೆ ಎಂದು ಕಂಪನಿಯಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ವಿಡಿಯೊ ಹೇಗಿರಬೇಕು, ಯಾವಾಗ ‘ಆಯಿತು’ ಎಂಬುದು ವಿಡಿಯೊದವರದು. ಕವರ್ ಮತ್ತು ಪರದೆಯ ಮೇಲಿನ ಅಕ್ಷರ ಡಿಸೈನರದು. ಕ್ಯಾಪ್ಷನ್, ಪೋಸ್ಟ್ ಮಾಡುವ ಸಮಯ ಮತ್ತು ಕ್ಯಾಲೆಂಡರ್ ಬರವಣಿಗೆಯವರದು, ಪಬ್ಲಿಷ್ ಗುಂಡಿ ಒತ್ತುವವರೂ ಅವರೇ. ಬೇರೆಯವರು ಅಭಿಪ್ರಾಯ ಹೇಳಬಹುದು, ತಡೆಯುವಂತಿಲ್ಲ. ಒಂದು ತೀರ್ಮಾನಕ್ಕೆ ಎರಡು ಹೆಸರು ಕೊಡುವ ಆಸೆ ಬರುತ್ತದೆ, ಇಬ್ಬರಿಗೂ ಬೇಸರವಾಗದಿರಲಿ ಎಂದು. ಕೊಡಬೇಡಿ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುವುದು ಅಲ್ಲೇ.

ಈಗ ನಿಮ್ಮ ಪಾತ್ರ. ಬೇರೆಲ್ಲಕ್ಕಿಂತ ಇದನ್ನು ತಂಡ ಗಮನವಿಟ್ಟು ಕೇಳುತ್ತದೆ:

‘ನನ್ನ ಹತ್ತಿರ ಬರಬೇಕಾದ್ದು ಎರಡೇ. ಬೆಲೆ ಅಥವಾ ಗ್ಯಾರಂಟಿ ಬಗ್ಗೆ ಹೇಳೋ ಯಾವುದೇ ಮಾತು, ಮತ್ತೆ ಟೂಲಿನಿಂದ ಯಾರಿಗಾದರೂ ಗಾಯ ಆಯ್ತು ಅನ್ನೋ ದೂರು. ದೂರು ಬಂದ್ರೆ ಯಾವ ಹೊತ್ತಾದ್ರೂ ಫೋನ್ ಮಾಡಿ, ಕಾಮೆಂಟ್ ಅಳಿಸಬೇಡಿ, ನನ್ನ ಜೊತೆ ಮಾತಾಡೋವರೆಗೆ ಕಾರಣ ವಿವರಿಸೋಕೂ ಹೋಗಬೇಡಿ, “ನೋಡಿದ್ದೀವಿ, ಸಂಪರ್ಕ ಮಾಡ್ತೀವಿ” ಅಂತಷ್ಟೇ ಬರೀರಿ. ಬೆಲೆ ವಿಷಯಕ್ಕೆ ಒಂದು ದಿನದೊಳಗೆ ಉತ್ತರ ಕೊಡ್ತೀನಿ. ಕೊಡದಿದ್ರೆ ಆ ಸಾಲು ತೆಗೆದು ಹಾಕಿಬಿಡಿ, ವಿಡಿಯೊ ನನಗೋಸ್ಕರ ಕಾಯೋದು ಬೇಡ. ಉಳಿದ ಯಾವುದೂ ನನ್ನ ಒಪ್ಪಿಗೆಗೆ ಬರಬೇಕಾಗಿಲ್ಲ.’

ಇದನ್ನು ಹೇಳುವ ಮೊದಲು ಪಾಲಿಸುವುದಕ್ಕೆ ಆಗುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಎಲ್ಲ ಕ್ಯಾಪ್ಷನ್ ನೋಡದೆ ಇರಲಾರೆ ಎಂದಿದ್ದರೆ ಹಾಗೇ ಹೇಳಿ, ನೋಡುವ ಸಮಯವನ್ನು ವಾರಕ್ಕೆ ಒಂದು ದಿನ, ಒಂದು ಗಂಟೆ ಎಂದು ಕಟ್ಟಿಹಾಕಿ. ಸ್ವಾತಂತ್ರ್ಯ ಕೊಟ್ಟು ಎರಡನೇ ವಾರವೇ ಕಿತ್ತುಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ಅಕೌಂಟಿನ ಬಾಗಿಲು ಯಾರ ಕೈಯಲ್ಲಿದೆ ಎಂಬುದನ್ನೂ ಅದೇ ಮಧ್ಯಾಹ್ನ ಸರಿಪಡಿಸಿ. ಅಕೌಂಟಿಗೆ ಕೊಟ್ಟಿರುವ ಇಮೇಲ್ ಮತ್ತು ಫೋನ್ ನಂಬರ್ ಕಂಪನಿಯದಾಗಿರಲಿ, ಟು-ಫ್ಯಾಕ್ಟರ್ ಆನ್ ಆಗಿರಲಿ, ಬ್ಯಾಕಪ್ ಕೋಡುಗಳು ಇಬ್ಬರ ಬಳಿ ಇರಲಿ. ಪಬ್ಲಿಷ್ ಮಾಡುವ ಅಧಿಕಾರ ಬರವಣಿಗೆಯವರಿಗೆ ಕೊಟ್ಟು ಓಟಿಪಿ ಮಾತ್ರ ನಿಮ್ಮ ಫೋನಿಗೆ ಬರುತ್ತಿದ್ದರೆ ಅಧಿಕಾರ ಕೊಟ್ಟಂತಾಗಲಿಲ್ಲ.

7. ಪ್ರಶ್ನೆಗಳಿಗೆ ಜಾಗ

‘ಏನಾದ್ರೂ ಡೌಟ್ ಇದೆಯಾ?’ ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಹೀಗೆ ಕೇಳಿ: ‘ನಾಲ್ಕನೇ ವಾರಕ್ಕೆ ಇದು ನಿಂತುಹೋಯ್ತು ಅಂದುಕೊಳ್ಳಿ. ಯಾವ ಕಾರಣಕ್ಕೆ ನಿಂತಿರುತ್ತೆ?’ ಎರಡು ನಿಮಿಷ ಕೊಡಿ, ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಬರೆಯಲಿ, ಆಮೇಲೆ ಓದಿ. ‘ಎಡಿಟಿಂಗ್ ಮಾಡುವ ಲ್ಯಾಪ್‌ಟಾಪ್ ಆರ್ಡರ್ ಎಂಟ್ರಿಗೂ ಅದೇ’ ಎಂಬಂಥ, ನಿಮ್ಮ ಲೆಕ್ಕದಲ್ಲಿ ಎಲ್ಲೂ ಇಲ್ಲದ ಸಂಗತಿ ಹೊರಬರುವುದು ಇಂಥ ಚೀಟಿಗಳಿಂದ. ಅಲ್ಲೇ ಪರಿಹಾರ ಹೇಳಲಾಗದಿದ್ದರೆ, ಯಾವ ದಿನದೊಳಗೆ ಹೇಳುತ್ತೀರಿ ಎಂದಾದರೂ ಹೇಳಿ.

ಕೊನೆಗೆ ಒಬ್ಬೊಬ್ಬರೂ ತಮ್ಮ ತೀರ್ಮಾನ ಯಾವುದು ಎಂದು ತಮ್ಮ ಮಾತಿನಲ್ಲೇ ಒಂದು ಸಲ ಹೇಳಲಿ. ಇಬ್ಬರು ಒಂದೇ ವಿಷಯ ನನ್ನದು ಅಂದರೆ ಅಲ್ಲೇ ಬಿಡಿಸಿ. ಸಂಜೆಯೊಳಗೆ ಇಷ್ಟನ್ನೂ ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕಳಿಸಿ: ಎರಡು ಸಾಲಿನ ಗುರಿ, ನಿಲ್ಲಿಸಿದ ಕೆಲಸಗಳು, ನಾಲ್ಕು ಹೆಸರು, ನಿಮ್ಮ ಬಳಿ ಬರುವ ಎರಡು ವಿಷಯ, ಮುಂದೆ ಕೂರುವ ದಿನಾಂಕ.

8. ಆಮೇಲೆ ಏನು ನೋಡಬೇಕು

ಮೊದಲ ಎರಡು ವಾರ ವೀಕ್ಷಣೆಯ ಅಂಕಿ ನೋಡುತ್ತ ಕೂರಬೇಡಿ. ನೋಡಬೇಕಾದ್ದು ನಿಮ್ಮ ಫೋನ್. ‘ಸರ್, ಇದು ಓಕೆನಾ?’ ಎಂಬ ಮೆಸೇಜ್ ಇನ್ನೂ ಬರುತ್ತಿದ್ದರೆ ನಿಮ್ಮ ಮಾತು ತಲುಪಿಲ್ಲ. ಅದಕ್ಕೆ ‘ಓಕೆ’ ಎಂದು ಉತ್ತರಿಸಿದರೂ ಹಳೆಯ ಪದ್ಧತಿಗೇ ಒಪ್ಪಿಗೆ ಕೊಟ್ಟಂತೆ. ‘ಇದು ನಿಮ್ಮ ತೀರ್ಮಾನ, ನಿಮಗೆ ಸರಿ ಅನಿಸಿದರೆ ಹಾಕಿ’ ಎಂದಷ್ಟೇ ಬರೆಯಿರಿ.

ಆರನೇ ವಾರ ಎಲ್ಲರೂ ಕೂತು ಮೊದಲು ಒಂದು ಅಂಕಿ ನೋಡಿ: ಹನ್ನೆರಡು ವಿಡಿಯೊ ಬರಬೇಕಿತ್ತು, ಎಷ್ಟು ಬಂದಿವೆ? ಏಳೋ ಎಂಟೋ ಬಂದಿದ್ದರೆ ಆರ್ಡರಿನ ಬಗ್ಗೆ ಅವತ್ತು ಚರ್ಚೆಯೇ ಬೇಡ. ಗಂಟೆಗಳ ಲೆಕ್ಕ ಎಲ್ಲಿ ತಪ್ಪಿತು ಎಂದು ಹುಡುಕಿ, ಇನ್ನೊಂದು ಕೆಲಸ ನಿಲ್ಲಿಸಿ ಅಥವಾ ವಾರಕ್ಕೆ ಒಂದೇ ವಿಡಿಯೊ ಎಂದು ಇಳಿಸಿ, ಆರ್ಡರಿನ ಗುರಿಯನ್ನೂ ಅದಕ್ಕೆ ತಕ್ಕಂತೆ ಇಳಿಸಿ. ಹನ್ನೆರಡೂ ಬಂದಿದ್ದು ಸೇವ್ ಏರಿಲ್ಲ ಎಂದರೆ ವಿಷಯದ ಆಯ್ಕೆಯನ್ನೋ ವಿಡಿಯೊದ ಮೊದಲ ಮೂರು ಸೆಕೆಂಡನ್ನೋ ಬದಲಿಸಬೇಕು. ಸೇವ್ ಏರಿದೆ, ಕ್ಲಿಕ್ ಏರಿಲ್ಲ ಎಂದರೆ ಜನರಿಗೆ ಟೂಲ್‌ಕಿಟ್ ಎಲ್ಲಿ ಸಿಗುತ್ತದೆ ಎಂದು ವಿಡಿಯೊದಲ್ಲಿ ಹೇಳುತ್ತಲೇ ಇಲ್ಲವೇನೋ ನೋಡಿ. ಕ್ಲಿಕ್ಕೂ ಏರಿ ಆರ್ಡರ್ ಮಾತ್ರ ನಿಂತಲ್ಲೇ ನಿಂತಿದ್ದರೆ ಅದು ವೆಬ್‌ಸೈಟಿನ ಪುಟದ ಅಥವಾ ಬೆಲೆಯ ಪ್ರಶ್ನೆ. ಅದನ್ನು ಬಗೆಹರಿಸಬೇಕಾದವರು ಸಂಸ್ಥಾಪಕರು, ವಿಡಿಯೊ ಮಾಡಿದವರಲ್ಲ. ಅದನ್ನು ಅವತ್ತಿನ ಮೀಟಿಂಗಿನಲ್ಲೇ ಅವರೆದುರು ಹೇಳಿ, ನಿಮ್ಮ ಕೆಲಸದ ಪಟ್ಟಿಗೆ ಬರೆದುಕೊಳ್ಳಿ.